ಗೋಡೆಯ ತೂತಿಗೊಂದು ಒಪ್ಪಿಗೆ ಪತ್ರ

‘ಎ.ಸಿ. ತಾನೆ, ಹಾಕಿಸ್ಕೊಳ್ಳಿ’ ಎಂದು ಮನೆ ಮಾಲೀಕರು ಬಾಯಿಮಾತಿನಲ್ಲಿ ಒಪ್ಪಿಬಿಡುತ್ತಾರೆ. ಜಗಳ ಹುಟ್ಟುವುದು ಎರಡು ವರ್ಷ ಕಳೆದು, ಮನೆ ಖಾಲಿ ಮಾಡಿ ಅಡ್ವಾನ್ಸ್ ವಾಪಸ್ ಕೇಳಿದಾಗ. ಸ್ಪ್ಲಿಟ್ ಎ.ಸಿ.ಗೆ ಗೋಡೆಯಲ್ಲಿ ಸುಮಾರು ಎರಡೂವರೆ ಇಂಚಿನ ತೂತು ಕೊರೆಯುತ್ತಾರೆ. ತಾಮ್ರದ ಪೈಪು, ವೈರು, ನೀರಿನ ಪೈಪು ಎಲ್ಲವೂ ಅದರೊಳಗೇ ಹೋಗಬೇಕು. ಆ ತೂತನ್ನು ಯಾರು, ಹೇಗೆ ಮುಚ್ಚಬೇಕು ಎಂಬುದನ್ನು ಕೊರೆಯುವ ಮೊದಲೇ ಬರೆದಿಟ್ಟುಕೊಳ್ಳಬೇಕು.

ಬೆಂಗಳೂರಿನಲ್ಲಿ ಎರಡನೇ ಮಹಡಿಯ ಒಂದು ಹಳೆಯ ಮನೆ ಎಂದಿಟ್ಟುಕೊಳ್ಳಿ. ಬಾಡಿಗೆದಾರರಿಗೆ ಮಲಗುವ ಕೋಣೆಗೆ ಒಂದೂವರೆ ಟನ್ನಿನ ಎ.ಸಿ. ಬೇಕು. ಯಾವ ಗೋಡೆಗೆ, ಹೊರಗಿನ ಯೂನಿಟ್ ಎಲ್ಲಿ, ನೀರು ಎಲ್ಲಿಗೆ ಇಳಿಯಬೇಕು ಎಂಬುದು ಪತ್ರದಲ್ಲಿ ಮೊದಲು ಬರಬೇಕು. ನೀರಿನ ಪೈಪನ್ನು ಸುಮ್ಮನೆ ಹೊರಗೆ ಇಳಿಬಿಟ್ಟರೆ ಕೆಳಮನೆಯ ಗೋಡೆ ಒದ್ದೆಯಾಗಿ ದೂರು ಮಾಲೀಕರ ಬಾಗಿಲಿಗೆ ಬರುತ್ತದೆ. ಕಂಬ, ಬೀಮುಗಳಿಗೆ ಡ್ರಿಲ್ ತಾಗಿಸಬಾರದೆಂದೂ ಬರೆಯಬೇಕು.

ಯಂತ್ರದ ಬೆಲೆ, ಕೂರಿಸುವ ಕೂಲಿ, ಸರ್ವೀಸು ಬಾಡಿಗೆದಾರರದ್ದು, ಇದರಲ್ಲಿ ತಕರಾರಿಲ್ಲ. ತೊಡಕಿರುವುದು ವೈರಿಂಗಿನಲ್ಲಿ. ಈ ಅಳತೆಯ ಎ.ಸಿ. ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಸಣ್ಣ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕೆಟ್ ಕಾದು ಕರಗೀತು. ಆದ್ದರಿಂದ ಪ್ರತ್ಯೇಕ ದಪ್ಪ ವೈರು, ಅದಕ್ಕೊಂದು ಎಂಸಿಬಿ ಬೇಕು. ಬಾಡಿಗೆದಾರರು ಹೋದ ಮೇಲೂ ಇವು ಮನೆಯಲ್ಲೇ ಉಳಿಯುತ್ತವೆ. ಹಾಗಾಗಿ ಈ ಖರ್ಚನ್ನು ಅರ್ಧರ್ಧ ಹಂಚಿಕೊಳ್ಳುವುದು ನ್ಯಾಯವೆಂದು ನನಗನ್ನಿಸುತ್ತದೆ. ಮಂಜೂರಾದ ಲೋಡ್ ಸಾಲದಿದ್ದರೆ ಮೀಟರ್ ಯಾರ ಹೆಸರಿನಲ್ಲಿದೆಯೋ ಆ ಮಾಲೀಕರೇ ಬೆಸ್ಕಾಂಗೆ ಅರ್ಜಿ ಹಾಕಬೇಕು. ಅದರಿಂದ ಪ್ರತಿ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಅದನ್ನು ಯಾರು ಕಟ್ಟುವುದೆಂದು ಪತ್ರ ಹೇಳಬೇಕು.

ಇನ್ನು ಖಾಲಿ ಮಾಡುವ ಹೊತ್ತು. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತಾನು ಜೋಡಿಸಿದ್ದನ್ನು ಬಾಡಿಗೆದಾರ ಬಿಚ್ಚಿಕೊಂಡು ಹೋಗಬಹುದು. ಆದರೆ ಮನೆ ತನ್ನ ವಶದಲ್ಲಿರುವಾಗಲೇ ಬಿಚ್ಚಬೇಕು, ಮನೆಯನ್ನು ಪಡೆದ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು. ‘ಪಡೆದ ಸ್ಥಿತಿ’ ಎಂಬಷ್ಟೇ ಮಾತು ಪತ್ರಕ್ಕೆ ಸಾಲದು. ಒಬ್ಬರಿಗೆ ಅದು ತೂತಿಗೆ ಮೆತ್ತಿದ ಒಂದು ಹಿಡಿ ಸಿಮೆಂಟು, ಇನ್ನೊಬ್ಬರಿಗೆ ಇಡೀ ಮನೆಯ ಬಣ್ಣ. ಹೀಗೆ ಬರೆಯಬಹುದು:

‘ಬೀಗದ ಕೈ ಒಪ್ಪಿಸುವ ಏಳು ದಿನ ಮೊದಲು ಬಾಡಿಗೆದಾರರು ಸ್ವಂತ ಖರ್ಚಿನಲ್ಲಿ ಎ.ಸಿ. ಬಿಚ್ಚಿಸಿ, ತೂತನ್ನು ಒಳಗೂ ಹೊರಗೂ ಸಿಮೆಂಟಿನಿಂದ ಮುಚ್ಚಿಸಿ, ಆ ಒಂದು ಗೋಡೆಗೆ ಪೂರ್ತಿ ಬಣ್ಣ ಹೊಡೆಸತಕ್ಕದ್ದು. ತಪ್ಪಿದಲ್ಲಿ ಮಾಲೀಕರು ಆ ಕೆಲಸ ಮಾಡಿಸಿ, ರಸೀದಿಯಲ್ಲಿರುವಷ್ಟು ಮೊತ್ತವನ್ನು ಮಾತ್ರ ಅಡ್ವಾನ್ಸಿನಲ್ಲಿ ಮುರಿದುಕೊಳ್ಳಬಹುದು. ವೈರು, ಎಂಸಿಬಿ ಮನೆಯಲ್ಲೇ ಉಳಿಯತಕ್ಕದ್ದು.’

ಹೊರಬದಿಯನ್ನು ಮುಚ್ಚದೆ ಬಿಟ್ಟರೆ ಮುಂದಿನ ಮಳೆಗಾಲದಲ್ಲಿ ಗೋಡೆಯೊಳಗೆ ನೀರಿಳಿದು ಬಣ್ಣ ಉಬ್ಬುತ್ತದೆ. ಅದಕ್ಕೇ ‘ಹೊರಗೂ’ ಎಂಬ ಪದ. ಗೋಡೆಯ ಈಗಿನ ಫೋಟೋವನ್ನು ಪತ್ರಕ್ಕೆ ಲಗತ್ತಿಸಿ, ಇಬ್ಬರೂ ತಾರೀಖು ಹಾಕಿ ಸಹಿ ಮಾಡಿ, ಒಂದೊಂದು ಪ್ರತಿಯನ್ನು ಬಾಡಿಗೆ ಕರಾರಿನ ಜೊತೆಗೇ ಇಟ್ಟುಕೊಳ್ಳಬೇಕು. ಹನ್ನೊಂದು ತಿಂಗಳಿಗೊಮ್ಮೆ ಕರಾರು ಹೊಸದಾಗುವಾಗ ಈ ಒಪ್ಪಿಗೆ ಮುಂದುವರಿಯುತ್ತದೆ ಎಂಬ ಒಂದು ಸಾಲನ್ನು ಅದರಲ್ಲಿ ಸೇರಿಸುವುದು ಮರೆಯಬಾರದು.