ಹದಿನಾರು ಅಂಕದ ನೆಲ

ಬೆಂಗಳೂರಿನಡಿ ಮೆಟ್ರೊ ಸುರಂಗ ಕೊರೆಯುವವರಿಗೆ ತಲೆನೋವು ಬರೀ ಗ್ರಾನೈಟ್ ಅಲ್ಲ. ಗಟ್ಟಿ ಬಂಡೆ, ಸಡಿಲ ಮಣ್ಣು ಒಟ್ಟಿಗೇ ಎದುರಾಗುವುದು. ಯಂತ್ರದ ಹಲ್ಲು ಬಂಡೆಗೆ ಸವೆಯುತ್ತಿರುವಾಗಲೇ ಮೇಲಿನ ಮಣ್ಣು ಜಾರಬಹುದು. ಇಂಥ ಆತಂಕಗಳನ್ನು ಮೊದಲೇ ಬರೆದಿಡುವ ಕೋಷ್ಟಕವೇ ರಿಸ್ಕ್ ರಿಜಿಸ್ಟರ್.

ಅದರ ಒಂದು ಸಾಲನ್ನು ಊಹಿಸಿಕೊಳ್ಳೋಣ: 'ಮಿಶ್ರ ನೆಲದಲ್ಲಿ ಮಣ್ಣು ಕುಸಿದು ಮೇಲಿನ ಮನೆಗಳು ಬಿರುಕು ಬಿಡಬಹುದು.' ಸಂಭವ 5ಕ್ಕೆ 4, ಪರಿಣಾಮವೂ 4. ಗುಣಿಸಿದರೆ ಅಂಕ 16. ಹತ್ತಿರ ಹತ್ತಿರ ಬೋರ್ ಕೊರೆದು ನೆಲ ಪರೀಕ್ಷಿಸಿ, ಸಡಿಲ ಜಾಗಕ್ಕೆ ಮುಂಚೆಯೇ ಸಿಮೆಂಟ್ ದ್ರಾವಣ ತುಂಬಿದರೆ ಸಂಭವ 2ಕ್ಕೆ ಇಳಿದೀತು, ಅಂಕ 8 ಆದೀತು. ಪರಿಣಾಮ ಮಾತ್ರ 4ರಲ್ಲೇ ನಿಲ್ಲುತ್ತದೆ. ಕುಸಿದರೆ ಮನೆ ಬಿರುಕು ಬಿಡುವುದು ತಪ್ಪದು.

ಕೊನೆಯ ಅಂಕಣದಲ್ಲಿ ಹೊಣೆಗಾರರ ಹೆಸರು. ಅಲ್ಲಿ 'ಎಂಜಿನಿಯರಿಂಗ್ ವಿಭಾಗ' ಎಂದಿದ್ದರೆ ಯಾರೂ ಹೊಣೆಯಲ್ಲ ಎಂದೇ ಓದಿಕೊಳ್ಳಬೇಕು. ಬೋರ್ ವರದಿ ತರಿಸುವ, ಗಡುವಿಗೆ ಉತ್ತರ ಕೊಡುವ ಒಬ್ಬ ವ್ಯಕ್ತಿ ಬೇಕು. ಕೆಲಸ ಮುಂದೆ ಸಾಗುತ್ತಿದ್ದರೂ ತಿಂಗಳುಗಟ್ಟಲೆ ಅಂಕಗಳು ಕದಲದಿದ್ದರೆ ಆ ಕೋಷ್ಟಕವನ್ನು ಯಾರೂ ತೆರೆದಿಲ್ಲ ಎಂದೇ ಅರ್ಥ.

ಗುಣಾಕಾರಕ್ಕೂ ಕುರುಡುತನವಿದೆ. ಪದೇ ಪದೇ ತಡವಾಗುವ ಲಾರಿಗೆ 5×1, ಅಪರೂಪಕ್ಕೆ ಜೀವ ತೆಗೆಯುವ ಕುಸಿತಕ್ಕೆ 1×5. ಎರಡಕ್ಕೂ ಅಂಕ 5. ಹಾಗಾಗಿ ಅನುಭವಿಗಳು ಪರಿಣಾಮ 5 ಇರುವ ಸಾಲುಗಳನ್ನು, ಒಟ್ಟು ಅಂಕ ಎಷ್ಟೇ ಇರಲಿ, ಬೇರೆಯಾಗಿಯೇ ನೋಡುತ್ತಾರೆ.