ಸತ್ರಪನ ಮೇಲೂ ಒಂದು ಕಣ್ಣು

ಪರ್ಷಿಯಾದ ಅಕೆಮೆನಿಡ್ ಅರಸ ಒಂದನೇ ದಾರಿಯಸ್, ಗೆದ್ದ ನಾಡುಗಳ ದೇವರು, ಭಾಷೆ, ಕಟ್ಟಳೆಗಳನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟ. ಈಜಿಪ್ಟಿನ ಹಳೆಯ ಕಾನೂನುಗಳನ್ನು ಬರೆಸಿಟ್ಟ. ಕಂದಾಯ, ನ್ಯಾಯ ನೋಡಿಕೊಳ್ಳಲು ಪ್ರಾಂತ್ಯಕ್ಕೊಬ್ಬ ‘ಸತ್ರಪ’ನಿದ್ದ.

ಆ ಸತ್ರಪನೇ ತಿರುಗಿಬಿದ್ದರೆ? ಸಾರ್ದಿಸ್‌ನ ಒರೊಯಿಟಿಸ್ ಅರಸನ ದೂತನನ್ನೇ ಕೊಲ್ಲಿಸಿದ್ದ. ಹೆರೊಡೋಟಸ್ ಹೇಳುವಂತೆ, ದಾರಿಯಸ್ ಸೈನ್ಯ ಕಳಿಸಲಿಲ್ಲ. ಬಗಾಯಸ್ ಎಂಬವನ ಕೈಯಲ್ಲಿ ಮುದ್ರೆಯೊತ್ತಿದ ಪತ್ರಗಳನ್ನು ಕಳಿಸಿದ. ಪ್ರತಿ ಸತ್ರಪನ ಬಳಿಯೂ ಅರಸನದೇ ಲಿಪಿಕಾರನಿರುತ್ತಿದ್ದ. ಅವನು ಒಂದೊಂದಾಗಿ ಓದಿದ. ‘ಒರೊಯಿಟಿಸ್‌ನನ್ನು ಕಾಯಬೇಡಿ’ ಎಂಬ ಆಜ್ಞೆ ಕೇಳಿ ಕಾವಲುಭಟರು ಈಟಿ ಕೆಳಗಿಟ್ಟರು. ಕೊನೆಯ ಪತ್ರ ಓದಿದೊಡನೆ ಅವನನ್ನು ಕೊಂದರು.

ಸಾರ್ದಿಸ್‌ನಿಂದ ಸೂಸಾಗೆ ರಾಜಮಾರ್ಗ ಸುಮಾರು 2,500 ಕಿಲೋಮೀಟರ್. ನಡೆದರೆ 90 ದಿನ. ಠಾಣೆ ಠಾಣೆಯಲ್ಲೂ ಕುದುರೆ ಸವಾರ ಬದಲಾಗುತ್ತಿದ್ದ ಅರಸನ ಅಂಚೆ ಅದಕ್ಕಿಂತ ಎಷ್ಟೋ ಬೇಗ ತಲುಪುತ್ತಿತ್ತು.