ಐದು ಫ್ರೇಮು, ಒಂದು ಅರಮನೆ

ಮೈಸೂರು ಅರಮನೆಯ ಮುಂಭಾಗ ಸುಮಾರು 245 ಅಡಿ ಉದ್ದ. ಎದುರಿನ ಅಂಗಳದಲ್ಲಿ 75 ಅಡಿ ದೂರ ನಿಂತು ಈ ತುದಿಯಿಂದ ಆ ತುದಿಗೆ ನೋಡಬೇಕಾದರೆ 117 ಡಿಗ್ರಿಯಷ್ಟು ತಿರುಗಬೇಕು. ಉದ್ದುದ್ದಕ್ಕೆ ಹಿಡಿದ ಫೋನಿನ ಮುಖ್ಯ ಕ್ಯಾಮೆರಾಕ್ಕೆ ಅಡ್ಡಡ್ಡ ಕಾಣುವುದು 50 ಡಿಗ್ರಿ ಆಸುಪಾಸು. ಅಷ್ಟು ಹತ್ತಿರದಿಂದ ಇಡೀ ಅರಮನೆ ಬೇಕೆಂದರೆ ತುಂಡು ತುಂಡಾಗಿ ತೆಗೆದು ಜೋಡಿಸಬೇಕು. ಹೆನ್ರಿ ಇರ್ವಿನ್ ವಿನ್ಯಾಸದ, 1912ರಲ್ಲಿ ಪೂರ್ಣಗೊಂಡ ಈ ಕಟ್ಟಡ ಜೋಡಣೆಯ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ಮೇಲೆ ಉದ್ದನೆಯ ನೇರ ಗೆರೆಗಳು, ದುಂಡು ಗುಮ್ಮಟಗಳು. ಕೆಳಗೆ ಒಂದು ಕ್ಷಣವೂ ನಿಲ್ಲದ ಪ್ರವಾಸಿಗರು.

ಹೋಲಿಕೆ ನ್ಯಾಯವಾಗಿರಬೇಕಾದರೆ ಎಲ್ಲ ಜೋಡಣೆಗೂ ಒಂದೇ ಕಚ್ಚಾ ಸಾಮಗ್ರಿ ಕೊಡಬೇಕು. ಪ್ರತಿ ಸಲ 25 ಡಿಗ್ರಿ ತಿರುಗಿ ಐದು ಫ್ರೇಮು ತೆಗೆದರೆ ಒಟ್ಟು 150 ಡಿಗ್ರಿ ಸಿಗುತ್ತದೆ. ಪಕ್ಕಪಕ್ಕದ ಫ್ರೇಮುಗಳು ಅರ್ಧದಷ್ಟು ಒಂದರ ಮೇಲೊಂದು ಬರುತ್ತವೆ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮೊದಲೇ ಲಾಕ್ ಮಾಡಿರಬೇಕು. ಇದೇ ಐದನ್ನು ಹಗಿನ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಬೇರೆ ಬೇರೆ ರೀತಿ ಜೋಡಿಸಿ, ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು, ನೂರಕ್ಕೆ ನೂರು ಗಾತ್ರದಲ್ಲಿ ನೋಡಬೇಕು. ಫೋನಿನ ಪರದೆಗೆ ಹೊಂದುವಂತೆ ಕುಗ್ಗಿಸಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ!

ಮೊದಲು ಬೆಸೆದ ಜಾಗ. ಅಲ್ಲಿ ದೋಷ ಎರಡು ಬಗೆ, ಎರಡರ ಕಾರಣವೂ ಬೇರೆ. ಗೆರೆಗಳೆಲ್ಲ ಸರಿಯಾಗಿ ಕೂಡಿವೆ, ಆದರೆ ಆಕಾಶದಲ್ಲಿ ಮೇಲಿಂದ ಕೆಳಕ್ಕೆ ಮಸುಕು ಪಟ್ಟಿಯೊಂದು ಕಾಣುತ್ತಿದೆ ಎಂದರೆ ಅದು ಬೆಳಕಿನ ತಂಟೆ. ಎಕ್ಸ್‌ಪೋಷರ್ ಲಾಕ್ ಆಗಿಲ್ಲ, ಇಲ್ಲವೇ ಲೆನ್ಸಿನ ಅಂಚಿನ ಕಪ್ಪನ್ನು ಸಾಫ್ಟ್‌ವೇರ್ ತಿದ್ದಿಲ್ಲ. ಅರಮನೆಯ ಬೂದು ಕಲ್ಲಿನಲ್ಲಿ ಈ ಪಟ್ಟಿ ಮುಚ್ಚಿಹೋಗುತ್ತದೆ, ಬರಿಯ ನೀಲಿಯಲ್ಲಿ ಎದ್ದು ಕಾಣುತ್ತದೆ. ಹಾಗಾಗಿ ಹುಡುಕಬೇಕಾದ್ದು ಆಕಾಶದಲ್ಲೇ.

ಗೆರೆಯೇ ತುಂಡಾಗಿ ಮೆಟ್ಟಿಲಿನಂತೆ ಜರುಗಿದ್ದರೆ ಮಾತು ಬೇರೆ. ಆಗ ದೂರದ ಗೆರೆಯನ್ನೂ ಹತ್ತಿರದ ಗೆರೆಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಎರಡೂ ಮುರಿದಿದ್ದರೆ ಸಾಫ್ಟ್‌ವೇರ್ ಫ್ರೇಮುಗಳನ್ನು ತಪ್ಪಾಗಿ ಹೊಂದಿಸಿದೆ. ಒಂದೇ ಥರದ ಕಮಾನುಗಳ ಸಾಲಿನಲ್ಲಿ ಇದು ಸುಲಭವಾಗಿ ಆಗುತ್ತದೆ. ಮೂರನೆಯ ಕಮಾನನ್ನು ನಾಲ್ಕನೆಯದೆಂದು ಭಾವಿಸಿ ಜೋಡಿಸಿಬಿಡುತ್ತದೆ. ಕಟ್ಟಡ ಸರಿಯಿದ್ದು ಕಾಲ ಬಳಿಯ ನೆಲದ ಗೆರೆಯೋ ಕಂಬಿಯೋ ಮಾತ್ರ ಮುರಿದಿದ್ದರೆ, ತಪ್ಪು ಸಾಫ್ಟ್‌ವೇರಿನದಲ್ಲ, ಫೋನು ಹಿಡಿದ ಕೈಯದು.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಫೋನನ್ನು ಕೈಚಾಚಿ, ಮೈಯಿಂದ ಅರ್ಧ ಮೀಟರ್ ದೂರ ಹಿಡಿದು ಮೈಯನ್ನೇ ತಿರುಗಿಸುತ್ತೇವೆ. 25 ಡಿಗ್ರಿ ತಿರುಗುವಷ್ಟರಲ್ಲಿ ಲೆನ್ಸು ಸುಮಾರು 22 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. 75 ಅಡಿ, ಅಂದರೆ 23 ಮೀಟರ್ ದೂರದ ಗೋಡೆಗೆ ಇದು ಅರ್ಧ ಡಿಗ್ರಿಯಷ್ಟು ವ್ಯತ್ಯಾಸ. ಎರಡು ಮೀಟರ್ ದೂರದ ಕಂಬಿಗೆ ಆರು ಡಿಗ್ರಿ. ಫ್ರೇಮಿನ ಅಗಲ 3000 ಪಿಕ್ಸೆಲ್ ಎಂದಿಟ್ಟುಕೊಂಡರೆ ಗೋಡೆ ಸರಿಯಾಗಿ ಕೂಡಿದಾಗ ಕಂಬಿ 300 ಪಿಕ್ಸೆಲ್‌ಗೂ ಹೆಚ್ಚು ತಪ್ಪಿರುತ್ತದೆ. ಎರಡನ್ನೂ ಒಟ್ಟಿಗೆ ಸರಿಪಡಿಸುವ ತಿರುಗುಕೋನ ಯಾವುದೂ ಇಲ್ಲ. ಲೆನ್ಸನ್ನೇ ನಡುವಾಗಿಟ್ಟು ತಿರುಗಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಟ್ರೈಪಾಡ್ ಇಲ್ಲದವರು ಲೆನ್ಸಿನ ನೇರ ಕೆಳಗೆ ದಾರದಲ್ಲಿ ಸಣ್ಣ ಭಾರ ತೂಗುಬಿಟ್ಟು, ಅದು ನೆಲದ ಒಂದೇ ಗುರುತಿನ ಮೇಲೆ ಇರುವಂತೆ ನೋಡಿಕೊಂಡು ತಾವೇ ಸುತ್ತಲೂ ಸರಿಯುತ್ತಾರೆ. ನೋಡುವವರಿಗೆ ನಗು ಬರಬಹುದು, ಆದರೆ ಕೆಲಸ ಆಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಹೊಂದಿಸಿದ ಬಿಂದುಗಳ ಸರಾಸರಿ ದೋಷ ಇಷ್ಟೇ ಪಿಕ್ಸೆಲ್ ಎಂದು ಹಗಿನ್ ತೋರಿಸುತ್ತದೆ. ಆ ಅಂಕಿ ಚಿಕ್ಕದಾಗಿದ್ದ ಮಾತ್ರಕ್ಕೆ ನೆಲ ಸರಿಯಿದೆ ಎಂದಲ್ಲ. ಬಿಂದುಗಳೆಲ್ಲ ಕೆತ್ತನೆ ತುಂಬಿದ ಗೋಡೆಯ ಮೇಲೇ ಬಿದ್ದಿದ್ದರೆ ಕಂಬಿಯ ಲೆಕ್ಕ ಕೇಳುವವರೇ ಇರುವುದಿಲ್ಲ.

ಇನ್ನು ಬಾಗಿದ ಗೆರೆ. ಮುರಿದದ್ದು ದೋಷ; ನುಣುಪಾಗಿ ಬಾಗಿದ್ದು ಬಹುಮಟ್ಟಿಗೆ ನಮ್ಮದೇ ಆಯ್ಕೆ. ಸುತ್ತ ಹರಡಿದ ನೋಟವನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಏನನ್ನಾದರೂ ಬಿಟ್ಟುಕೊಡಲೇಬೇಕು. ಸಿಲಿಂಡ್ರಿಕಲ್ ಆಯ್ದುಕೊಂಡರೆ ಕಂಬಗಳು ನೆಟ್ಟಗೆ ನಿಲ್ಲುತ್ತವೆ, ಕ್ಯಾಮೆರಾದ ಎತ್ತರದಲ್ಲಿರುವ ಅಡ್ಡಗೆರೆಯೂ ನೇರವಾಗಿಯೇ ಉಳಿಯುತ್ತದೆ. ಅದಕ್ಕಿಂತ ಮೇಲಿನ ಗೆರೆ ಮಾತ್ರ ನಡುವೆ ಉಬ್ಬಿ ತುದಿಗಳಲ್ಲಿ ಇಳಿಯುತ್ತದೆ. ನಮ್ಮ ಲೆಕ್ಕದ 117 ಡಿಗ್ರಿಗೆ, ತುದಿಯಲ್ಲಿ ಸೂರಿನ ಎತ್ತರ ನಡುವಿನ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ನೇರ ಮುಖದ ಅರಮನೆ ನಮ್ಮತ್ತ ಉಬ್ಬಿಕೊಂಡು ಬಂದಂತೆ ಕಾಣುತ್ತದೆ. ಕಣ್ಣೆತ್ತರದ ಗೆರೆಯೇ ಹಾವಿನಂತೆ ಏರಿಳಿದಿದ್ದರೆ ಅದು ಆಯ್ಕೆಯಲ್ಲ. ಫ್ರೇಮುಗಳ ಮಟ್ಟ ತಪ್ಪಿದೆ ಎಂದರ್ಥ.

ರೆಕ್ಟಿಲೀನಿಯರ್‌ನಲ್ಲಿ ನೇರವಾದದ್ದೆಲ್ಲ ನೇರವೇ. ಎದುರಾಗಿ ನಿಂತ ಗೋಡೆ ಅಳತೆ ತಪ್ಪದೆ ಮೂಡುತ್ತದೆ. ಅದರ ಬೆಲೆ ತೆರುವವರು ಅಂಚಿನಲ್ಲಿ ನಿಂತವರು: ಗೋಡೆಯ ಹಾಗೆ ಚಪ್ಪಟೆಯಾಗಿರದ ಮೈಗಳು ಅಲ್ಲಿ ಎತ್ತರಕ್ಕೆ ಹೋಲಿಸಿದರೆ ಎರಡು ಪಾಲಿನಷ್ಟು ದಪ್ಪ ಆಗಬಹುದು. ಅಂಚಿನ ಗುಮ್ಮಟವೂ ಅಷ್ಟೇ, ದುಂಡಗಿದ್ದದ್ದು ಓರೆ ಮೊಟ್ಟೆಯಾಗುತ್ತದೆ. ಅಲ್ಲಿನ ಚಿತ್ರ ಮೂರು ಪಟ್ಟಿಗೂ ಹೆಚ್ಚು ಅಗಲಕ್ಕೆ ಹಿಗ್ಗಿರುವುದರಿಂದ ಕೆತ್ತನೆಯೂ ಮಸುಕು. ನಡುದಾರಿಯಾಗಿ ಪನೀನಿ ಎಂಬ ಆಯ್ಕೆಯಿದೆ. ಅದು ಕಂಬಗಳನ್ನೂ ಚಿತ್ರದ ನಡುವಿನಿಂದ ಹೊರಡುವ ಗೆರೆಗಳನ್ನೂ ನೇರವಾಗಿ ಉಳಿಸುತ್ತದೆ. ಉದ್ದನೆಯ ಬೀದಿಗೆ ಅದು ಅಚ್ಚುಕಟ್ಟು. ಅರಮನೆಯಂಥ ಅಡ್ಡ ಮುಖಕ್ಕೆ ನನ್ನ ಮತ ರೆಕ್ಟಿಲೀನಿಯರ್‌ಗೇ, ಆದರೆ ಹಿಂದೆ ಸರಿದು. 150 ಅಡಿಯಿಂದ ನೋಡಿದರೆ 245 ಅಡಿಗೆ 80 ಡಿಗ್ರಿ ಸಾಕು. ಹಿಗ್ಗಾಟ ಬಹಳ ಇಳಿಯುತ್ತದೆ.

ಕೊನೆಗೆ ಜನ. ಅಂಗಳದಲ್ಲಿ ನಡೆದುಹೋಗುವ ಒಬ್ಬರು ಮೂರು ರೀತಿ ಕೆಡಬಹುದು. ಎರಡು ಫ್ರೇಮುಗಳನ್ನು ಸರಾಸರಿ ಮಾಡಿ ಬೆರೆಸಿದ್ದರೆ ಅವರು ಗಾಜಿನಂತೆ ಪಾರದರ್ಶಕ. ಸೀರೆಯ ಹಿಂದಿನ ಕಲ್ಲು ಕಾಣುತ್ತದೆ. ಒಂದೇ ಗೆರೆಯಲ್ಲಿ ಕತ್ತರಿಸಿ ಕೂಡಿಸಿದ್ದರೆ ಅರ್ಧ ಮೈ ಉಳಿದು ಅರ್ಧ ಮಾಯ. ನಾವು ತಿರುಗಿದ ಕಡೆಗೇ ಅವರೂ ನಡೆದಿದ್ದರೆ ಒಬ್ಬರೇ ಎರಡು ಕಡೆ ಇಡಿಯಾಗಿ ನಿಂತಿರುತ್ತಾರೆ. ಇದರಲ್ಲಿ ಬೆಸುಗೆ ಚೊಕ್ಕಟವಾಗಿರುವುದರಿಂದ ಎಷ್ಟೋ ಜನ ಗಮನಿಸುವುದೇ ಇಲ್ಲ. ಬಟ್ಟೆಯ ಬಣ್ಣ ಹಿಡಿದು ಹುಡುಕಬೇಕು. ನೆರಳನ್ನೂ ನೋಡಬೇಕು: ಆಳಿಲ್ಲದ ನೆರಳು, ನೆರಳಿಲ್ಲದ ಆಳು ಎರಡೂ ಸಿಗುತ್ತವೆ.

ಇದಕ್ಕೆ ಪರಿಹಾರ ಮಾಸ್ಕ್. ಈ ಫ್ರೇಮಿನ ಈ ಜಾಗ ಬೇಡ ಎಂದು ಹಗಿನ್‌ನಲ್ಲಿ ಗೀಚಿ ಹೇಳಿದರೆ ಅದು ಪಕ್ಕದ ಫ್ರೇಮಿನಿಂದ ತುಂಬಿಕೊಳ್ಳುತ್ತದೆ. ಅರ್ಧದಷ್ಟು ಅತಿಕ್ರಮಣ ಇಟ್ಟುಕೊಳ್ಳುವುದು ಅದಕ್ಕೇ. ಹೀಗಾದರೆ ಅಂಚುಗಳನ್ನು ಬಿಟ್ಟು ಉಳಿದ ಪ್ರತಿ ಜಾಗವೂ ಕನಿಷ್ಠ ಎರಡು ಫ್ರೇಮಿನಲ್ಲಿರುತ್ತದೆ, ಒಂದರಲ್ಲಾದರೂ ಅಲ್ಲಿ ಯಾರೂ ಇಲ್ಲದಿರುವ ಸಂಭವ ಹೆಚ್ಚು. ಪ್ರತಿ ಕೋನದಲ್ಲೂ ಸ್ವಲ್ಪ ಬಿಡುವು ಕೊಟ್ಟು ಎರಡೆರಡು ಫ್ರೇಮು ತೆಗೆದಿದ್ದರೆ ಇನ್ನೂ ಒಳ್ಳೆಯದು.

ಫೋನಿನದೇ ಪನೋರಮಾ ಬಟನ್ ಒತ್ತಿ ತೆಗೆದ ಚಿತ್ರಕ್ಕೆ ಈ ಅವಕಾಶವಿಲ್ಲ. ಅದು ತಿರುಗುತ್ತಿರುವಾಗಲೇ ಸಣ್ಣ ಸಣ್ಣ ಪಟ್ಟಿಗಳನ್ನು ಸಾಲಾಗಿ ಅಂಟಿಸುತ್ತ ಹೋಗುತ್ತದೆ. ನಮ್ಮ ದಿಕ್ಕಿನಲ್ಲೇ ನಡೆಯುವವರು ಉದ್ದಕ್ಕೆ ಎಳೆದಂತಾಗುತ್ತಾರೆ, ಎದುರು ಬರುವವರು ಕಡ್ಡಿಯಾಗುತ್ತಾರೆ. ತಿದ್ದೋಣವೆಂದರೆ ಬಿಡಿ ಫ್ರೇಮುಗಳು ಎಲ್ಲೂ ಉಳಿದಿರುವುದಿಲ್ಲ. ಬೆಳಿಗ್ಗೆ ಜನ ಕಡಿಮೆ ಇರುವಾಗ ಹೋಗಿ ಮತ್ತೆ ತೆಗೆಯಬೇಕು, ಅಷ್ಟೇ.